ಬೆವರಿದ ಐಸು

ಹೆತ್ತವರು ಇಟ್ಟ ಹೆಸರಿನಿಂದ ಅವಳನ್ನು ಮೀನು ಮಾರುಕಟ್ಟೆಯಲ್ಲಿ ಯಾರೂ ಕರೆಯುವುದಿಲ್ಲ. ಎಲ್ಲರಿಗೂ ಅವಳು ಐಸಕ್ಕ. ಇಪ್ಪತ್ತೆಂಟು ವರ್ಷದಿಂದ ಒಂದೇ ಕಟ್ಟೆ, ಒಂದೇ ತಕ್ಕಡಿ, ಒಂದೇ ಹಟ. ಉಳಿದವರು ಒಂದು ಬುಟ್ಟಿ ಮೀನಿಗೆ ಅರ್ಧ ಬುಟ್ಟಿ ಐಸು ಹಾಕಿದರೆ ಇವಳು ಒಂದಕ್ಕೆ ಒಂದು ಹಾಕುತ್ತಾಳೆ. "ನಿನ್ನ ಹತ್ರ ಮೀನು ತಗೊಳ್ಳೋದೂ ಒಂದೇ, ಐಸಿನ ಕಾರ್ಖಾನೆಗೆ ಹೋಗೋದೂ ಒಂದೇ" ಎಂದು ಪಕ್ಕದ ಕಟ್ಟೆಯ ಒಣಮೀನಿನವಳು ಆಡಿಕೊಳ್ಳುವುದು ದಿನದ ಮಾತು. ಐಸಕ್ಕ ಅದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಮಧ್ಯಾಹ್ನ ಎರಡು ಗಂಟೆಗೆ ಉಳಿದವರ ಮೀನಿನ ಕಣ್ಣು ಮಂಕಾದಾಗ ಇವಳ ಮೀನು ಆಗಷ್ಟೇ ಎದ್ದು ಬಂದಂತೆ ನೋಡುತ್ತಿರುತ್ತದೆ. ಅವಳಿಗೆ ಅಷ್ಟು ಸಾಕು.

ಇಂಥ ಐಸಕ್ಕ ಈಗ ಒಂದು ವಾರದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಅದು ಅವಳ ಜಾಯಮಾನಕ್ಕೆ ಒಗ್ಗುವ ಕೆಲಸವಲ್ಲ. ಹಲ್ಲುನೋವು ಬಂದವಳಂತೆ ಆಗಾಗ ದವಡೆ ಹಿಡಿದುಕೊಳ್ಳುತ್ತಿದ್ದಳು.

ವಿಷಯ ಇಷ್ಟು. ಅವಳ ಒಬ್ಬಳೇ ಮಗಳಿಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಹೆಣ್ಣು ಮಗು, ಹುಟ್ಟಿದಾಗ ಒಂದು ಕಿಲೋ ಮುನ್ನೂರು ಗ್ರಾಂ. ಐಸಕ್ಕನ ತಕ್ಕಡಿಯಲ್ಲಿ ಅದಕ್ಕಿಂತ ತೂಕದ ಮೀನು ದಿನಾ ಏರಿ ಇಳಿಯುತ್ತದೆ. ಈಗ ಒಂದೂಕಾಲು ಕಿಲೋದ ಮೀನು ತಕ್ಕಡಿಗೆ ಹಾಕಿದಾಗಲೆಲ್ಲ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಮಗು ಮೂರೂವರೆ ಗಂಟೆ ದೂರದ ದೊಡ್ಡಾಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿತ್ತು. ಹೊಟ್ಟೆ ಕೊಯ್ದು ಹೆತ್ತ ಮಗಳಿಗೆ ಬಸ್ಸಿನ ಕುಲುಕಾಟ ಆಗದು, ಆಸ್ಪತ್ರೆಯಲ್ಲಿ ತಾಯಂದಿರು ಉಳಿಯಲು ಜಾಗವಿಲ್ಲ. ಅದಕ್ಕೆ ಅವಳು ತವರಿನಲ್ಲಿ ಐಸಕ್ಕನ ಜೊತೆ ಇದ್ದಳು. ಮೂರು ಮೂರು ಗಂಟೆಗೊಮ್ಮೆ ಪಂಪು ಹಿಡಿದು ಕೂತು ಹಾಲು ತೆಗೆದು, ಹೆಬ್ಬೆರಳುದ್ದದ ಸಣ್ಣ ಬಾಟಲಿಗಳಿಗೆ ತುಂಬಿ ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಬೆಳಿಗ್ಗೆ ಅಳಿಯ ಅದನ್ನು ಬಸ್ಸಿನಲ್ಲಿ ಒಯ್ದು ಆಸ್ಪತ್ರೆಗೆ ಮುಟ್ಟಿಸಿ, ಸಂಜೆಯ ಹೊತ್ತಿಗೆ ಖಾಲಿ ಬಾಟಲಿಗಳೊಂದಿಗೆ ಮರಳುತ್ತಿದ್ದ. ಮೂಗಿನ ಸಪೂರ ನಳಿಕೆಯಿಂದ ಎರಡು ಗಂಟೆಗೊಮ್ಮೆ ಮಗುವಿಗೆ ಆ ಹಾಲು ಇಳಿಯುತ್ತಿತ್ತು.

ಅಳಿಯ ಗಡಿಯಾರ ರಿಪೇರಿಯವನು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಎಳ್ಳಿಗಿಂತ ಸಣ್ಣ ಚಕ್ರಗಳನ್ನು ಚಿಮಟದಲ್ಲಿ ಎತ್ತಿಡುವ ಮನುಷ್ಯ. ಅಂಗಿಯ ತೋಳಿನ ಮಡಿಕೆ ಕೂಡ ಎರಡು ಕಡೆ ಒಂದೇ ಅಳತೆ. ಒಣಮೀನಿನವಳು ಅವನಿಗೆ ಸೆಕೆಂಡ್ ಮುಳ್ಳು ಎಂದು ಹೆಸರಿಟ್ಟಿದ್ದಳು. ಒಳ್ಳೆಯವನು, ಆ ಮಾತು ಬೇರೆ. ಆದರೆ ಐಸಕ್ಕನ ಕೈಯಿಂದ ನೀರಿನ ಲೋಟ ತೆಗೆದುಕೊಳ್ಳುವಾಗ ಅವನ ಮೂಗಿನ ತುದಿ ಕೂದಲೆಳೆಯಷ್ಟು ಹಿಂದೆ ಸರಿಯುವುದನ್ನು ಅವಳು ನೋಡಿದ್ದಳು. ಮೀನಿನ ವಾಸನೆ. ಅವನು ಅದನ್ನು ಬಾಯಿಬಿಟ್ಟು ಹೇಳಿದವನಲ್ಲ, ಅವಳೂ ನೋಡಿದೆನೆಂದು ತೋರಿಸಿಕೊಂಡವಳಲ್ಲ.

ಮದುವೆಯಾದ ಹೊಸದರಲ್ಲಿ ಐಸಕ್ಕ ಅವನ ಅಂಗಡಿಗೆ ಹೋಗಿ, ಮೇಜನ್ನು ಕಿಟಕಿಯ ಆ ಬದಿಗೆ ಹಾಕಿದರೆ ಬೆಳಕು ಚೆನ್ನಾಗಿ ಬರುತ್ತದೆಂದು ಸಲಹೆ ಕೊಟ್ಟು, ಅವನು ಬೇಡವೆನ್ನುವ ಮೊದಲೇ ಮೇಜನ್ನು ಎಳೆದೂ ಬಿಟ್ಟಿದ್ದಳು. ಮೂರು ಗಡಿಯಾರಗಳ ತಿರುಪುಗಳು ನೆಲದ ಪಾಲಾದವು. ಅಂದು ಮಗಳು ಅವಳನ್ನು ಒಳಗೆ ಕರೆದು, "ಅಮ್ಮಾ, ಅವರ ವಿಷ್ಯದಲ್ಲಿ ಇನ್ಮೇಲೆ ಮೂಗು ತೂರಿಸ್ಬೇಡ. ನನ್ನಾಣೆ" ಎಂದಿದ್ದಳು. ಐಸಕ್ಕ ಆಣೆ ತೆಗೆದುಕೊಂಡಿದ್ದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ, ಎಷ್ಟೇ ಕಷ್ಟವಾದರೂ.

ಹಾಲಿನ ಸಾಗಾಟಕ್ಕೆ ಅಳಿಯ ಅಂಗಡಿಯಿಂದ ನೀಲಿ ಬಣ್ಣದ ಪೆಟ್ಟಿಗೆಯೊಂದನ್ನು ತಂದ. ದಪ್ಪ ಗೋಡೆ, ಬಿಗಿ ಮುಚ್ಚಳ, ಜೊತೆಗೆ ನಾಲ್ಕು ಜೆಲ್ ಪ್ಯಾಕು. ಡಿಜಿಟಲ್ ಥರ್ಮಾಮೀಟರುಗಳ ಮೇಲೆ ಅವನಿಗೆ ನಂಬಿಕೆಯಿಲ್ಲ. ಅದಕ್ಕೆ ಪ್ರಯೋಗಶಾಲೆಯ ಸಾಮಾನು ಮಾರುವ ಅಂಗಡಿಯಿಂದ ಗಾಜಿನದೊಂದನ್ನು ಹುಡುಕಿ ತಂದ. ಮೊದಲನೇ ದಿನ ಬೆಳಿಗ್ಗೆ ಪೆಟ್ಟಿಗೆ ತುಂಬುವಾಗ ಐಸಕ್ಕ ಒಂದು ಪ್ಯಾಕನ್ನು ಎತ್ತಿ ಅವನ ಕೈಗೆ ಕೊಟ್ಟಳು. ಅದು ತಣ್ಣಗಿತ್ತು. ಮೆತ್ತಗೂ ಇತ್ತು. ಕೊಬ್ಬಿದ ಮೀನಿನ ಹೊಟ್ಟೆಯಂತೆ ಬೆರಳ ಸಂದಿಯಲ್ಲಿ ಜಾರಿತು.

ಐಸಕ್ಕನ ನಾಲಿಗೆ ತುದಿಗೆ ಮಾತು ಬಂತು. ಹಲ್ಲು ಕಚ್ಚಿ ನುಂಗಿದಳು.

"ಸಿಸ್ಟರ್ ಹೇಳಿದಾರೆ, ಹಾಲು ಐಸಾಗ್ಬಾರದು ಅಂತ" ಎಂದು ಅಳಿಯ ತಾನಾಗಿಯೇ ವಿವರಿಸಿದ. "ಒಂದ್ಸಲ ಗಟ್ಟಿಯಾಗಿ ಕರಗಿದ್ರೆ ಜಾಸ್ತಿ ಹೊತ್ತು ಇಡೋಕಾಗಲ್ವಂತೆ. ಅದಕ್ಕೇ ಪ್ಯಾಕನ್ನ ಮೇಲಿನ ಫ್ರೀಜರಿನಲ್ಲಿ ಇಟ್ಟಿಲ್ಲ ಅತ್ತೆ, ಕೆಳಗೆ ಹಾಲಿನ ಪಕ್ಕದಲ್ಲೇ ಇಟ್ಟಿದ್ದೆ. ಮೆತ್ತಗಿದ್ರೆ ಬಾಟಲಿನ ಸುತ್ತ ಚೆನ್ನಾಗಿ ತಬ್ಬಿಕೊಳ್ಳುತ್ತೆ. ನೋಡಿ, ಮೂರು ಡಿಗ್ರಿ."

ಥರ್ಮಾಮೀಟರು ನಿಜವಾಗಿಯೂ ಮೂರು ತೋರಿಸುತ್ತಿತ್ತು. ಹಾಗಾಗಿ ಐಸಕ್ಕ ಸುಮ್ಮನಾದಳು.

ಮೊದಲ ನಾಲ್ಕು ದಿನ ಮೋಡ ಕವಿದಿತ್ತು, ಬಸ್ಸು ಎಲ್ಲೂ ನಿಲ್ಲದೆ ಹೋಯಿತು. ಆಸ್ಪತ್ರೆ ಮುಟ್ಟುವಾಗ ಪೆಟ್ಟಿಗೆಯೊಳಗೆ ಒಂಬತ್ತು ಡಿಗ್ರಿ. ಹಾಲು ತೆಗೆದುಕೊಳ್ಳುವ ದೊಡ್ಡ ಸಿಸ್ಟರ ಲೆಕ್ಕದಲ್ಲಿ ಹತ್ತು ದಾಟಬಾರದು. ಒಂಬತ್ತನ್ನು ಅವಳು ಮುಖ ಸಿಂಡರಿಸಿ ಒಪ್ಪಿಕೊಂಡಳು. ಐದನೇ ದಿನ ಬಿಸಿಲು ಬಂತು. ಎಲ್ಲೂ ನಿಲ್ಲದ ಬಸ್ಸು ಕೆಟ್ಟು ನಿಂತು, ಅದರ ಬದಲಿಗೆ ಕೈ ತೋರಿದಲ್ಲೆಲ್ಲ ನಿಲ್ಲುವ ಬಸ್ಸು ಬಂತು. ಹದಿನಾಲ್ಕು ಡಿಗ್ರಿ. ಸಿಸ್ಟರು ಬಾಟಲಿಗಳನ್ನು ತೊಟ್ಟಿಗೆ ಸುರಿದಳು. ಆರನೇ ದಿನ ಅಳಿಯ ಪೆಟ್ಟಿಗೆಗೆ ಎರಡು ಟವೆಲು ಸುತ್ತಿ, ಮಡಿಲಲ್ಲಿಟ್ಟುಕೊಂಡು ಹೋದ. ಹದಿನಾರು. ಅದೂ ತೊಟ್ಟಿಗೆ ಹೋಯಿತು. ಎರಡು ದಿನ ಮಗು ಡಬ್ಬಿಯ ಪುಡಿಹಾಲು ಕುಡಿಯಿತು, ಹೊಟ್ಟೆ ಉಬ್ಬರಿಸಿಕೊಂಡಿತು.

ಆ ಸುದ್ದಿ ತಂದ ಸಂಜೆ ಅಳಿಯ ಪೆಟ್ಟಿಗೆಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಪರೀಕ್ಷೆಯಲ್ಲಿ ನಪಾಸಾದವನ ಹಾಗೆ ನಿಂತುಕೊಂಡ. ಮಗಳು ಪಂಪನ್ನು ತೊಳೆಯುತ್ತಿದ್ದಳು. ತೊಳೆದದ್ದನ್ನು ಒರೆಸಿ, ಡಬ್ಬದೊಳಗಿಟ್ಟು ಮುಚ್ಚಿದಳು.

"ನಾಳೆಯಿಂದ ತೆಗೆಯಲ್ಲ" ಅಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಇವತ್ತು ಮೂರು ಸಲಕ್ಕೆ ಸೇರಿ ಒಂದು ಬಾಟಲಿ ಬಂದಿದೆ. ಮೊದ್ಲು ಒಂದು ಸಲಕ್ಕೆ ಒಂದು ಬರ್ತಿತ್ತು. ಯಾಕೆ ಬರುತ್ತೆ ಹೇಳು? ತೊಟ್ಟಿಗೆ ಸುರಿಯೋಕೆ ಅಂತ ಗೊತ್ತಾದ್ರೆ ಮೈಯಾದ್ರೂ ಯಾಕೆ ಕೊಡುತ್ತೆ."

ಈ ಹಾಲು ಒಮ್ಮೆ ಬತ್ತಿದರೆ ಮತ್ತೆ ಕರೆದಾಗ ಬರುವುದು ಕಷ್ಟ ಎಂದು ಐಸಕ್ಕನಿಗೆ ಗೊತ್ತು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಹಿಡಿ ಗಾತ್ರದ ಜೀವಕ್ಕೆ ತಾಯಿಯ ಮೈಯಿಂದ ಸಿಗುತ್ತಿದ್ದದ್ದು ಇದೊಂದೇ. ಮತ್ತು ಈ ಅನಾಹುತ ಬರುವುದು ಮೊದಲ ದಿನ ಬೆಳಿಗ್ಗೆಯೇ ಅವಳ ಬೆರಳಿಗೆ ತಿಳಿದಿತ್ತು. ತಿಳಿದೂ ಬಾಯಿ ಮುಚ್ಚಿಕೊಂಡಿದ್ದಳು. ಮೇಜು ಎಳೆದದ್ದಕ್ಕಿಂತ ಇದು ದೊಡ್ಡ ತಪ್ಪು ಎಂದು ಅವಳಿಗೆ ಅನ್ನಿಸಿತು.

"ನಿನ್ನ ಆಣೆ ವಾಪಸ್ ತಗೋ" ಎಂದಳು ಮಗಳಿಗೆ.

"ಯಾವ ಆಣೆ?"

"ಮೂಗು ತೂರಿಸ್ಬಾರದು ಅಂತ ಹಾಕಿದ್ಯಲ್ಲ, ಅದು. ನನ್ನ ಕೈಲಿ ಇನ್ನು ಆಗಲ್ಲ."

ಮಗಳು ಅಳಿಯನ ಮುಖ ನೋಡಿದಳು. ಅಳಿಯ ಅತ್ತೆಯ ಮುಖ ನೋಡಿದ. "ಹೇಳಿ ಅತ್ತೆ" ಅಂದ, ಸೋತ ಧ್ವನಿಯಲ್ಲಿ.

"ನಿಮ್ಮ ಪ್ಯಾಕು ತಣ್ಣಗಿದೆ. ಆದ್ರೆ ಅದು ಐಸಲ್ಲ. ತಣ್ಣೀರನ್ನ ಚೀಲದಲ್ಲಿ ಕಟ್ಟಿಕೊಂಡು ಹೋದಂಗೆ."

ಅಳಿಯ ತಪ್ಪೊಪ್ಪಿಕೊಳ್ಳಲು ಹಿಂಜರಿಯುವವನಲ್ಲ, ಆದರೆ ಕಾರಣ ಬೇಕು. "ಐಸು ಅಂದ್ರೆ ಸೊನ್ನೆ ಡಿಗ್ರಿ. ನನ್ನ ಪ್ಯಾಕು ಮೂರು. ವ್ಯತ್ಯಾಸ ಮೂರೇ ಡಿಗ್ರಿ ಅಲ್ವಾ ಅತ್ತೆ? ಅಷ್ಟಕ್ಕೆ ಇಷ್ಟು ಹೆಚ್ಚುಕಮ್ಮಿ ಆಗುತ್ತಾ?"

ಡಿಗ್ರಿಯ ಭಾಷೆಯಲ್ಲಿ ಉತ್ತರ ಕೊಡಲು ಐಸಕ್ಕನಿಗೆ ಬರುತ್ತಿರಲಿಲ್ಲ. ಅವಳ ತಿಳಿವಳಿಕೆ ಇರುವುದು ಮೊಣಕೈಯಿಂದ ಕೆಳಗೆ. ಬುಟ್ಟಿಯೊಳಗೆ ಕೈ ಹಾಕಿದಾಗ ನೀರಿನಲ್ಲಿ ಒಂದೇ ಒಂದು ಐಸಿನ ಚೂರು ತಾಗಿದರೂ ಮೀನಿಗೆ ಭಯವಿಲ್ಲ ಎಂಬುದು ಅವಳಿಗೆ ಗೊತ್ತು. ಕೊನೆಯ ಚೂರು ಹೋದ ಮೇಲೂ ನೀರು ಕೈಗೆ ಅಷ್ಟೇ ತಣ್ಣಗಿರುತ್ತದೆ, ಆದರೆ ಆ ತಂಪನ್ನು ನಂಬುವ ಹಾಗಿಲ್ಲ. ಒಂದು ಗಿರಾಕಿಯ ಜೊತೆ ಮಾತಾಡಿ ತಿರುಗುವಷ್ಟರಲ್ಲಿ ಅದು ಹೊರಟು ಹೋಗಿರುತ್ತದೆ. ಇದನ್ನೇ ಹೇಳಿದಳು. ಅಳಿಯ ಗೌರವದಿಂದ ತಲೆಯಾಡಿಸಿದ, ನಂಬದವರು ಆಡಿಸುವ ಹಾಗೆ.

"ಸರಿ, ನಿಮ್ಮ ಗಾಜಿನ ಕಡ್ಡಿ ತನ್ನಿ. ಗಡಿಯಾರನೂ ತನ್ನಿ" ಅಂದಳು ಐಸಕ್ಕ.

ಕಟ್ಟೆಯಿಂದ ತಂದಿದ್ದ ಡಬ್ಬದಲ್ಲಿ ಪುಡಿ ಮಾಡಿದ ಐಸು ಇತ್ತು. ಅದರ ನೀರು ಬಸಿದು, ಅರ್ಧ ಕಿಲೋ ತೂಗಿ ಪಾತ್ರೆಗೆ ಹಾಕಿದಳು. ಒಲೆಯನ್ನು ಸಣ್ಣಗೆ ಹಚ್ಚಿದಳು. ಅಳಿಯ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. ಒಂದು ಕೈಯಲ್ಲಿ ಥರ್ಮಾಮೀಟರು, ಇನ್ನೊಂದು ಕೈಯಲ್ಲಿ ಸೌಟು. ಮಗಳು ಗೋಡೆಗೆ ಒರಗಿ ನಿಂತು, ಈ ಇಬ್ಬರಿಗೂ ತಲೆ ಕೆಟ್ಟಿದೆಯೇ ಎಂಬಂತೆ ನೋಡುತ್ತಿದ್ದಳು.

"ತಿರುಗಿಸ್ತಾ ಇರಿ. ಏನು ಹೇಳುತ್ತೆ ಕಡ್ಡಿ?"

"ಸೊನ್ನೆ."

ಎರಡು ನಿಮಿಷ ಕಳೆಯಿತು. ಪಾತ್ರೆಯಲ್ಲಿ ನೀರು ಕಾಣಿಸಿತು, ಅದರ ಮೇಲೆ ಐಸು ತೇಲಿತು.

"ಈಗ?"

"ಸೊನ್ನೆಯೇ. ಒಂದು ಸ್ವಲ್ಪ ಮೇಲೆ ಇರ್ಬಹುದು."

ಐದು ನಿಮಿಷ. ಸೊನ್ನೆ. ಏಳು ನಿಮಿಷ. ಸೊನ್ನೆ. ಅಳಿಯ ಥರ್ಮಾಮೀಟರನ್ನು ಹೊರತೆಗೆದು ಕಣ್ಣಿನ ಹತ್ತಿರ ಹಿಡಿದು, ಕೆಟ್ಟಿದೆಯೋ ಎಂದು ಉಸಿರು ಬಿಟ್ಟು ನೋಡಿದ. ಪಾದರಸ ಚಕ್ಕನೆ ಏರಿತು. ಕೆಟ್ಟಿರಲಿಲ್ಲ. ಮತ್ತೆ ಪಾತ್ರೆಗೆ ಇಳಿಸಿದರೆ ಮತ್ತೆ ಸೊನ್ನೆ. ಕೆಳಗೆ ಬೆಂಕಿ ಉರಿಯುತ್ತಲೇ ಇತ್ತು.

"ಬೆಂಕಿ ಎಲ್ಲಿ ಹೋಗ್ತಾ ಇದೆ ಅತ್ತೆ?"

"ಐಸನ್ನ ನೀರು ಮಾಡೋಕೆ. ಅದು ಮುಗಿಯೋವರೆಗೆ ನೀರನ್ನ ಬಿಸಿ ಮಾಡೋಕೆ ಅದಕ್ಕೆ ಪುರುಸೊತ್ತಿಲ್ಲ."

ಕೊನೆಯ ಚೂರು ಮಾಯವಾದಾಗ ಅಳಿಯ ಗಡಿಯಾರ ನೋಡಿದ: ಒಂಬತ್ತೂವರೆ ನಿಮಿಷ. "ಇನ್ನೂ ಒಂಬತ್ತೂವರೆ ನಿಮಿಷ ಬಿಡಿ, ಅದೇ ಬೆಂಕಿ" ಎಂದಳು ಐಸಕ್ಕ. ಈಗ ಥರ್ಮಾಮೀಟರಿಗೆ ಜೀವ ಬಂತು. ಹತ್ತು, ಇಪ್ಪತ್ತು, ನಲವತ್ತು. ಅಳಿಯ ಗಟ್ಟಿಯಾಗಿ ಓದುತ್ತಾ ಹೋದ. ಪಾತ್ರೆಯಿಂದ ಆವಿ ಎದ್ದಿತು. ಒಂಬತ್ತೂವರೆ ನಿಮಿಷ ಮುಗಿದಾಗ ಎಪ್ಪತ್ತಾರು.

ಅಳಿಯ ಸೌಟು ಕೆಳಗಿಟ್ಟ. ಗಡಿಯಾರದ ಹಿಂದಿನ ಮುಚ್ಚಳ ತೆಗೆದು ಕೆಟ್ಟ ಚಕ್ರ ಯಾವುದೆಂದು ಕಂಡಾಗ ಅವನ ಮುಖದಲ್ಲಿ ಮೂಡುವ ನೆಮ್ಮದಿ ಈಗಲೂ ಮೂಡಿತು.

"ಗುಪ್ತೋಷ್ಣ" ಅಂದ. "ಇಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೆ ಅತ್ತೆ. ಐಸು ನೀರಾಗುವಾಗ ಶಾಖ ನುಂಗುತ್ತೆ, ಉಷ್ಣತೆ ಮಾತ್ರ ಏರಲ್ಲ. ಪುಸ್ತಕದಲ್ಲಿ ಎಂಬತ್ತು ಅಂತಿತ್ತು. ನಾವು ಒಲೆ ಮೇಲೆ ಮಾಡಿದ್ದಕ್ಕೆ ಒಂದಿಷ್ಟು ಶಾಖ ಆವಿ ಜೊತೆ ಹೋಗಿದೆ. ಮೂರು ಅಂಕದ ಪ್ರಶ್ನೆ ಅದು, ಪೂರ್ತಿ ಮೂರು ಬಂದಿತ್ತು ನನಗೆ."

"ಮತ್ತೆ ಅಂಕ ಎಲ್ಲಿಟ್ಟಿದ್ರಿ ಇಷ್ಟು ದಿನ?" ಅಂದಳು ಮಗಳು ಗೋಡೆಯಿಂದ. ಎರಡು ದಿನದಲ್ಲಿ ಅವಳು ಆಡಿದ ಮೊದಲ ತಮಾಷೆ ಅದು. ಐಸಕ್ಕ ಕೇಳಿಸಿಕೊಂಡೂ ಕೇಳಿಸದವಳಂತೆ ಒಲೆ ಆರಿಸಿದಳು.

ಅಳಿಯ ಆಗಲೇ ಲೆಕ್ಕಕ್ಕೆ ಇಳಿದಿದ್ದ. ಬಸ್ಸಿನ ಬಿಸಿ ಮೂರೂವರೆ ಗಂಟೆಯಲ್ಲಿ ಪ್ಯಾಕನ್ನು ಮೂರರಿಂದ ಹದಿನಾರಕ್ಕೆ ಏರಿಸಿತ್ತು, ಅಂದರೆ ಹದಿಮೂರು ಡಿಗ್ರಿಯಷ್ಟು ಶಾಖ. ಅಷ್ಟೇ ತೂಕದ ಐಸು ಇದ್ದಿದ್ದರೆ ಪೂರ್ತಿ ಕರಗಿ ನೀರಾಗಲು ಎಂಬತ್ತು ಡಿಗ್ರಿಯಷ್ಟು ಶಾಖ ಬೇಕಿತ್ತು. "ಹೆಚ್ಚುಕಮ್ಮಿ ಆರು ಪಟ್ಟು. ಅಂದ್ರೆ ಆಸ್ಪತ್ರೆ ಮುಟ್ಟುವಾಗ ಆರರಲ್ಲಿ ಒಂದು ಪಾಲೋ, ಸ್ವಲ್ಪ ಜಾಸ್ತಿಯೋ ಕರಗಿರುತ್ತೆ. ಉಳಿದದ್ದು ಸೊನ್ನೆಯಲ್ಲೇ ಕೂತಿರುತ್ತೆ." ಅವನು ತಲೆ ಎತ್ತಿದ. "ಆದ್ರೆ ಹಾಲು ಐಸಾದ್ರೆ? ಫ್ರೀಜರಿನಿಂದ ತೆಗೆದದ್ದು ಸೊನ್ನೆಗಿಂತ ಬಹಳ ಕೆಳಗಿರುತ್ತಲ್ಲ."

ಈ ಪ್ರಶ್ನೆ ಬರಲೆಂದೇ ಐಸಕ್ಕ ಕಾಯುತ್ತಿದ್ದಳು. "ಬೆವರದ ಐಸನ್ನ ನಾನು ಮೀನಿಗೇ ತಾಗಿಸಲ್ಲ" ಅಂದಳು. ಐಸಿನ ಕಾರ್ಖಾನೆಯಿಂದ ಬಂದ ಗಡ್ಡೆ ಮೊದಲು ಒಣಒಣಗಿರುತ್ತದೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಅದನ್ನು ಹಾಗೆಯೇ ಮೀನಿನ ಮೇಲೆ ಇಟ್ಟರೆ ಚರ್ಮ ಬಿಳಚಿಕೊಂಡು ಸುಟ್ಟ ಹಾಗಾಗುತ್ತದೆ. ಹೊರಗಿಟ್ಟು, ಮೈಯೆಲ್ಲ ಒದ್ದೆಯಾಗಿ, ನೀರು ಇಳಿಯತೊಡಗಿದ ಮೇಲೆ ಅದು ಸಾಧು ಪ್ರಾಣಿ. "ಐಸೂ ನೀರೂ ಒಟ್ಟಿಗೆ ಇದ್ವಾ, ಆಮೇಲೆ ಅದು ಯಾರನ್ನೂ ಕಚ್ಚಲ್ಲ."

ಅಳಿಯ ಚಹಾಕ್ಕೆ ತಂದಿಟ್ಟಿದ್ದ ಹಾಲನ್ನು ಒಂದು ಖಾಲಿ ಸಣ್ಣ ಬಾಟಲಿಗೆ ತುಂಬಿ, ಡಬ್ಬದಲ್ಲಿ ಉಳಿದಿದ್ದ ಒದ್ದೆ ಐಸಿನೊಳಗೆ ಕತ್ತಿನವರೆಗೆ ಹೂತ. ಊಟ ಮಾಡಿ, ತಟ್ಟೆ ತೊಳೆದು, ಒಂದೂವರೆ ಗಂಟೆ ಕಳೆದು ತೆಗೆದಾಗ ಹಾಲು ಬಾಟಲಿಯೊಳಗೆ ಸಲೀಸಾಗಿ ಅಲುಗಾಡಿತು. ತಿರುಗಿಸಿ ಮುರುಗಿಸಿ ನೋಡಿದ, ಅಂಚಿನಲ್ಲಿ ಒಂದು ಹರಳೂ ಇರಲಿಲ್ಲ. "ಹಾಲು ಐಸಾಗೋಕೆ ಸೊನ್ನೆಗಿಂತ ಒಂದು ಚೂರು ಕೆಳಗೆ ಹೋಗ್ಬೇಕು" ಎಂದು ಮೆಲ್ಲಗೆ ತನಗೇ ಹೇಳಿಕೊಂಡ. "ಅದು ಇಲ್ಲಿ ಸಿಕ್ಕಲ್ಲ."

ಜೆಲ್ ಪ್ಯಾಕುಗಳನ್ನು ಐಸಕ್ಕ ಬೇಡವೆಂದಳು. ಅದು ಗಟ್ಟಿಯಾದರೂ ಒಳಗೆ ಎಷ್ಟು ಕರಗಿದೆ ಎಂದು ಹೇಳುವುದಿಲ್ಲ, ಮೂಕ ಪ್ರಾಣಿ. ಎಣ್ಣೆ ಬರುವ ಚಪ್ಪಟೆ ಪ್ಲಾಸ್ಟಿಕ್ ಬಾಟಲಿಗಳು ನಾಲ್ಕು ಅಟ್ಟದ ಮೇಲಿದ್ದವು. ಅವನ್ನು ಬಿಸಿನೀರಿನಲ್ಲಿ ತೊಳೆದು ಬರಿಯ ನಲ್ಲಿ ನೀರು ತುಂಬಿಸಿದರು. ಅಳಿಯ ಕತ್ತಿನವರೆಗೆ ತುಂಬಿಸಹೊರಟಾಗ ಅವಳು ಕೈ ಹಿಡಿದಳು. "ಜಾಗ ಬಿಡಿ. ಐಸಾಗುವಾಗ ಉಬ್ಬುತ್ತೆ. ಆಮೇಲೆ ಅಲ್ಲಾಡೋಕೂ ಜಾಗ ಬೇಕು." ಅವಳ ಒದ್ದೆ ಕೈ ಅವನ ಮಣಿಕಟ್ಟಿನ ಮೇಲಿತ್ತು. ಅವನ ಮೂಗು ಇದ್ದಲ್ಲೇ ಇತ್ತು.

ಮಗಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕೋಣೆಯಿಂದ ಪಂಪಿನ ಕಿರ್ ಕಿರ್ ಸದ್ದು ಕೇಳಿಸಿತು. ಅಳಿಯನೂ ಅತ್ತೆಯೂ ಮುಖ ಮುಖ ನೋಡಿಕೊಂಡರು.

ಮರುದಿನ ಕಟ್ಟೆಯನ್ನು ಒಣಮೀನಿನವಳಿಗೆ ಒಪ್ಪಿಸಿ, ಐಸಕ್ಕ ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡಿದಳು. ತಾನೂ ಹೊರಟಿದ್ದಳು. ಮೊಮ್ಮಗಳನ್ನು ಇನ್ನೂ ನೋಡಿರಲಿಲ್ಲ ಎಂಬುದು ಹೇಳಿದ ಕಾರಣ. ಪೆಟ್ಟಿಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು ಎಂಬುದು ಹೇಳದ ಕಾರಣ. ರಾತ್ರಿ ಫ್ರೀಜರಿಗೆ ಹಾಕಿದ್ದ ಚಪ್ಪಟೆ ಬಾಟಲಿಗಳು ಬೆಳ್ಳಗೆ ಹಿಮ ಹಿಡಿದು, ಹಿಡಿದ ಬೆರಳಿಗೆ ಅಂಟಿದವು. ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಹಾಸಿ ನಾಲ್ಕನ್ನೂ ಸಾಲಾಗಿ ಮಲಗಿಸಿದರು. ಹಿಮ ಮಾಸಿತು, ಮೈಮೇಲೆ ಹನಿ ಮೂಡಿತು.

"ಆಯ್ತಾ ಅತ್ತೆ?"

"ಕೇಳಿ ನೋಡಿ."

ಅಳಿಯ ಒಂದು ಬಾಟಲಿಯನ್ನು ಎತ್ತಿ, ಗಿರಾಕಿ ತಂದ ಗಡಿಯಾರವನ್ನು ಹಿಡಿಯುವ ಹಾಗೆ ಕಿವಿಗೆ ಹಿಡಿದು ಅಲುಗಿಸಿದ. ಸದ್ದಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ. ಸದ್ದಿಲ್ಲ. ಬಸ್ಸಿನ ಹೊತ್ತಾಗುತ್ತಿದ್ದರೂ ಐಸಕ್ಕ ಅಲ್ಲಾಡಲಿಲ್ಲ. ಮೂರನೇ ಸಲ ಕಿವಿಗಿಟ್ಟವನ ಹುಬ್ಬು ಮೇಲೇರಿತು. ಒಳಗೆ ಗಡ್ಡೆ ಬಿಡಿಸಿಕೊಂಡಿತ್ತು. ಸುತ್ತ ತೆಳ್ಳಗೆ ನೀರಾಡಿ, ಗಡ್ಡೆ ಗೋಡೆಗೆ ಬಡಿದು ಟಕ್ ಎಂದಿತು.

"ಓಡ್ತಾ ಇದೆ" ಅಂದ ಅವನು. ಗಡಿಯಾರದವರ ಮಾತು.

ನಾಲ್ಕೂ ಓಡುತ್ತಿವೆ ಎಂದು ಖಾತ್ರಿಯಾದ ಮೇಲೆ ಪೆಟ್ಟಿಗೆ ತುಂಬಿದರು: ನಾಲ್ಕು ಬದಿಗೆ ನಾಲ್ಕು ಬಾಟಲಿ, ನಡುವೆ ಮಗಳು ತುಂಬಿಕೊಟ್ಟ ಮೂರು ಸಣ್ಣ ಬಾಟಲಿ ಹಾಲು. ಪೆಟ್ಟಿಗೆ ಮುಚ್ಚುವಾಗ ಮಗಳು ಬಾಗಿಲಲ್ಲಿ ನಿಂತಿದ್ದಳು. "ಸುರಿದ್ರೆ ನನಗೆ ಸುಳ್ಳು ಹೇಳ್ಬೇಡಿ" ಎಂದಷ್ಟೇ ಅಂದಳು.

ಬಸ್ಸು ನಿಲ್ಲುವ ಬಸ್ಸೇ. ಕೈ ತೋರಿದಲ್ಲಿ ನಿಂತಿತು, ತೋರದಿದ್ದಲ್ಲೂ ನಿಂತಿತು. ಬಿಸಿಲು ಕಿಟಕಿಯಿಂದ ನೇರ ಮಡಿಲಿಗೆ ಬಿತ್ತು. ಅಳಿಯ ಎರಡು ಸಲ ಮುಚ್ಚಳದ ಕಡೆ ಕೈ ಒಯ್ದ. ಎರಡು ಸಲವೂ ಐಸಕ್ಕ ಮೆಲ್ಲಗೆ ಅವನ ಕೈಯನ್ನು ಎತ್ತಿ ಬದಿಗಿಟ್ಟಳು. "ನೋಡೋಕೆ ಅಂತ ತೆರೆದ್ರೆ ನೋಡಿದ್ದಕ್ಕೇ ಕರಗುತ್ತೆ" ಅಂದಳು.

ಅರ್ಧ ದಾರಿ ಕಳೆದ ಮೇಲೆ ಅವನು ಕಿಟಕಿಯ ಹೊರಗೆ ನೋಡುತ್ತಾ ಹೇಳಿದ: "ಮೊದಲ ದಿನವೇ ನಿಮ್ಮನ್ನ ಕೇಳ್ಬೇಕಿತ್ತು ಅತ್ತೆ. ಇಪ್ಪತ್ತೆಂಟು ವರ್ಷ ಐಸಿನ ಜೊತೆ ಇರೋರು ಮನೇಲೇ ಇದ್ರು, ನಾನು ಡಬ್ಬದ ಮೇಲಿನ ಚೀಟಿ ಓದ್ತಾ ಕೂತೆ. ಮೀನಿನ ಪೆಟ್ಟಿಗೆ ಬೇರೆ, ಹಾಲಿನ ಪೆಟ್ಟಿಗೆ ಬೇರೆ ಅಂದ್ಕೊಂಡಿದ್ದೆ."

"ಮೊದಲ ದಿನವೇ ನಾನೂ ಹೇಳ್ಬೇಕಿತ್ತು" ಅಂದಳು ಐಸಕ್ಕ. "ನಿಮ್ಮ ಮೇಜು ಎಳೆದದ್ದು ನೆನಪಾಗಿ ಸುಮ್ಮನಾದೆ."

ಅಳಿಯ ನಕ್ಕ. "ಆ ಮೇಜು ಈಗ ನೀವು ಎಳೆದ ಜಾಗದಲ್ಲೇ ಇದೆ ಅತ್ತೆ. ಬೆಳಕು ನಿಜವಾಗ್ಲೂ ಚೆನ್ನಾಗಿ ಬರುತ್ತೆ."

ಇದು ಅವಳಿಗೆ ಗೊತ್ತಿರಲಿಲ್ಲ. ಒಂದು ವರ್ಷದ ಮಾತನ್ನು ಒಳಗೇ ಬಚ್ಚಿಟ್ಟಿದ್ದ ಮಹರಾಯ. ಐಸಕ್ಕನಿಗೆ ಅವನ ಮೇಲೆ ಒಟ್ಟೊಟ್ಟಿಗೆ ಸಿಟ್ಟೂ ಅಕ್ಕರೆಯೂ ಬಂದವು. ಅಕ್ಕರೆ ಒಂದು ಹಿಡಿ ಜಾಸ್ತಿ.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಹಾಲು ತೆಗೆದುಕೊಳ್ಳುವ ಕಿಟಕಿಯ ಹಿಂದೆ ದೊಡ್ಡ ಸಿಸ್ಟರು ಕೂತಿದ್ದಳು. ನೀಲಿ ಪೆಟ್ಟಿಗೆಯನ್ನು ದೂರದಿಂದಲೇ ಗುರುತಿಸಿ ಅವಳ ಮುಖ ಬಿಗಿಯಿತು. ಕೆಟ್ಟವಳಲ್ಲ ಅವಳು. ಸುರಿಯುವ ಕೈ ಅವಳದಾದ್ದರಿಂದ ಈ ಪೆಟ್ಟಿಗೆ ಬರುವುದೇ ಅವಳಿಗೆ ಬೇಸರವಾಗಿತ್ತು. ಮುಚ್ಚಳ ತೆಗೆದು ಎಣ್ಣೆಯ ಬಾಟಲಿಗಳನ್ನು ಕಂಡು, "ಇದೇನಿದು?" ಎಂದಳು. ಅಳಿಯ ಅತ್ತೆಯ ಕಡೆ ನೋಡಿದ. ಅತ್ತೆ ಛಾವಣಿ ನೋಡಿದಳು. ಸಿಸ್ಟರು ಹಾಲಿನ ಬಾಟಲಿಗಳ ನಡುವೆ ತನ್ನದೇ ಥರ್ಮಾಮೀಟರು ಇಳಿಸಿ ಕಾದಳು. ಆ ಅರೆ ನಿಮಿಷದಲ್ಲಿ ಐಸಕ್ಕನ ಎದೆ ಹೊಡೆದುಕೊಂಡಷ್ಟು ತನ್ನ ಸ್ವಂತ ಹೆರಿಗೆಯ ದಿನವೂ ಹೊಡೆದುಕೊಂಡಿರಲಿಲ್ಲ.

"ಎರಡು" ಅಂದಳು ಸಿಸ್ಟರು. ಮತ್ತೆ ನೋಡಿದಳು. "ಎರಡು ಡಿಗ್ರಿ." ಬಾಟಲಿಯೊಂದನ್ನು ಎತ್ತಿ ವಾಲಿಸಿದಳು. ಹಾಲು ಸರಾಗವಾಗಿ ಹರಿಯಿತು. "ಐಸೂ ಆಗಿಲ್ಲ. ಯಾರು ಹೇಳಿಕೊಟ್ರು?"

"ನಮ್ಮತ್ತೆ" ಅಂದ ಅಳಿಯ. "ಮೀನಿನ ಕಟ್ಟೆ ಇದೆ ಅವರದ್ದು." ಆ ಮಾತನ್ನು ಅವನು ಪಕ್ಕದ ಸಾಲಿನವರಿಗೂ ಕೇಳುವ ಹಾಗೆ ಹೇಳಿದ. ಐಸಕ್ಕ ತನ್ನ ಕೈಗಳನ್ನು ಸೆರಗಿನಡಿ ಬಚ್ಚಿಡಲು ಹೋದವಳು, ಬೇಡವೆಂದು ಹೊರಗೇ ಬಿಟ್ಟಳು.

ಗಾಜಿನಾಚೆ ಏಳನೇ ಪೆಟ್ಟಿಗೆಯಲ್ಲಿ ಮೊಮ್ಮಗಳು ಮುಷ್ಟಿ ಬಿಗಿದು ಮಲಗಿದ್ದಳು. ಸಿಸ್ಟರು ಬೆಚ್ಚಗೆ ಮಾಡಿ ತಂದ ಹಾಲನ್ನು ಮೇಲೆ ಹಿಡಿದಾಗ, ಅದು ನಳಿಕೆಯಲ್ಲಿ ನಿಧಾನಕ್ಕೆ ಕೆಳಗಿಳಿಯುವುದು ಕಾಣುತ್ತಿತ್ತು. ಮಗುವಿನ ತುಟಿ ತಾನೇ ಕುಡಿಯುತ್ತಿರುವಂತೆ ಚಪ್ಪರಿಸಿತು. ಐಸಕ್ಕ ಗಾಜಿಗೆ ಹಣೆ ತಾಗಿಸಿ, ಕೊನೆಯ ಹನಿ ಇಳಿಯುವವರೆಗೂ ನಿಂತಿದ್ದಳು.

ಅವರು ಮನೆ ಸೇರಿದಾಗ ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಮಗಳು ಬಾಗಿಲಲ್ಲೇ ಇದ್ದಳು. ಅವಳು ಕೇಳಲಿಲ್ಲ, ಅವರ ಮುಖವನ್ನೂ ನಂಬುವ ಹಾಗೆ ಕಾಣಲಿಲ್ಲ. ಎರಡು ದಿನ ತೊಟ್ಟಿಗೆ ಹೋದದ್ದನ್ನು ಅಷ್ಟು ಬೇಗ ಮರೆಯಲಾಗದು. ಅಳಿಯ ಬಾಯಿ ತೆರೆಯುವುದರೊಳಗೆ ಐಸಕ್ಕ ಅವನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡು, ಮುಚ್ಚಳ ತೆಗೆದು, ಒಂದು ಚಪ್ಪಟೆ ಬಾಟಲಿಯನ್ನು ಮಗಳ ಕೈಗಿತ್ತಳು. ಅದು ಬೆವರಿ ತೊಟ್ಟಿಕ್ಕುತ್ತಿತ್ತು.

"ಕಿವಿಗಿಟ್ಕೊಂಡು ಅಲ್ಲಾಡ್ಸು."

ಮಗಳು ಅನುಮಾನದಿಂದ ಕಿವಿಗಿಟ್ಟುಕೊಂಡಳು. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟ ಐಸು, ಹೋಗುವ ಬಿಸಿಲನ್ನೂ ಬರುವ ಬಿಸಿಲನ್ನೂ ನುಂಗಿ, ಅರ್ಧಕ್ಕೆ ಇಳಿದಿತ್ತು. ಆದರೆ ಇತ್ತು. ಬಾಟಲಿಯೊಳಗೆ ಅದು ಈ ಗೋಡೆಗೊಮ್ಮೆ ಆ ಗೋಡೆಗೊಮ್ಮೆ ಬಡಿಯಿತು.

ಮಗಳು ಮತ್ತೊಮ್ಮೆ ಅಲುಗಿಸಿದಳು. ಕಣ್ಣು ಮುಚ್ಚಿ ಮೂರನೇ ಸಲ ಅಲುಗಿಸಿದಳು. ತಣ್ಣನೆ ನೀರು ಅವಳ ಕೆನ್ನೆಯಿಂದ ಕತ್ತಿಗೆ ಇಳಿಯುತ್ತಿತ್ತು, ಅದರ ಜೊತೆ ಕಣ್ಣೀರೂ ಇದ್ದೀತು, ಬೇರೆ ಮಾಡಿ ನೋಡುವ ಹಾಗಿರಲಿಲ್ಲ. ಆಮೇಲೆ ಕಣ್ಣು ತೆರೆದು ತನ್ನ ಎದೆಯ ಕಡೆ ನೋಡಿಕೊಂಡಳು. ರವಿಕೆಯ ಮುಂಭಾಗ ತಾನಾಗಿಯೇ ಒದ್ದೆಯಾಗುತ್ತಿತ್ತು.

"ಅಮ್ಮಾ, ಪಂಪು ಒಳಗಿದೆ" ಅಂದಳು. "ಬೇಗ ಕೊಡು."